ಫ್ರೆಂಚ್ ಭಾಷೆಯ ನಿಷೇಧಾರ್ಥಕ ರಚನೆ

ಫ್ರೆಂಚ್ ಭಾಷೆಯ ನಿಷೇಧಾರ್ಥಕ ರಚನೆಯು ಸಾಮಾನ್ಯವಾಗಿ ಎರಡು ಪದಗಳಿಂದ ಕೂಡಿರುತ್ತದೆ. ಮೊದಲನೆಯದು ಕ್ರಿಯಾಪದಕ್ಕೆ ಮುಂಚೆ ಬರುವ ‘ನ’. ಇದನ್ನು ರೋಮನ್ ಲಿಪಿಯ ಎನ್ ಮತ್ತು ಇ ಅಕ್ಷರಗಳಲ್ಲಿ ಬರೆಯಲಾಗುತ್ತದೆ. ಎರಡನೆಯದು ಕ್ರಿಯಾಪದದ ನಂತರ ಬರುತ್ತದೆ ಮತ್ತು ನಿಷೇಧದ ಬಗೆಯನ್ನು ತಿಳಿಸುತ್ತದೆ. ‘ಪಾ’ ಎಂದರೆ ಇಲ್ಲ, ‘ಪ್ಲ್ಯು’ ಎಂದರೆ ಇನ್ನು ಮುಂದೆ ಇಲ್ಲ, ‘ಜಾಮೇ’ ಎಂದರೆ ಎಂದಿಗೂ ಇಲ್ಲ, ‘ರಿಯೆಂ’ ಎಂದರೆ ಏನೂ ಇಲ್ಲ. ಐದನೆಯ ಪದವಾದ ‘ಕ’ ಪೂರ್ಣ ನಿಷೇಧವನ್ನು ಸೂಚಿಸುವುದಿಲ್ಲ. ‘ನ’ ಜೊತೆ ಸೇರಿ ‘ಮಾತ್ರ’ ಎಂಬ ಅರ್ಥವನ್ನು ಕೊಡುತ್ತದೆ. ಬರವಣಿಗೆಯಲ್ಲಿ ಎರಡೂ ಪದಗಳು ಇರಬೇಕೆಂಬುದು ನಿಯಮ. ಆದರೆ ದೈನಂದಿನ ಮಾತಿನಲ್ಲಿ ಮೊದಲ ಪದವಾದ ‘ನ’ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ, ಮತ್ತು ನಿಷೇಧದ ಅರ್ಥವನ್ನು ಎರಡನೆಯ ಪದವೊಂದೇ ಹೊರುತ್ತದೆ.

ಈ ಲೇಖನದಲ್ಲಿ ಫ್ರೆಂಚ್ ವಾಕ್ಯಗಳನ್ನು ಉಚ್ಚಾರಣೆಗೆ ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಪದದ ಕೊನೆಯ ಅನುಸ್ವಾರವು ಅನುನಾಸಿಕ ಸ್ವರವನ್ನು ಸೂಚಿಸುತ್ತದೆ. ‘ಜ’ ಎಂಬುದು ‘ನಾನು’ ಎಂಬರ್ಥದ ಸರ್ವನಾಮ, ‘ಇಲ್’ ಎಂಬುದು ‘ಅವನು’ ಎಂಬರ್ಥದ್ದು.

## ಹುಟ್ಟು ಮತ್ತು ಬೆಳವಣಿಗೆ

ಲ್ಯಾಟಿನ್ ಭಾಷೆಯ ‘ನೋನ್’ ಎಂಬ ನಿಷೇಧಪದವು ಹಳೆಯ ಫ್ರೆಂಚ್‌ನಲ್ಲಿ ಸವೆದು ‘ನ’ ಆಯಿತು. ಆ ಕಾಲದಲ್ಲಿ ನಿಷೇಧಕ್ಕೆ ಈ ಒಂದು ಪದವೇ ಸಾಕಾಗಿತ್ತು. ಒತ್ತು ಬೇಕಾದಾಗ ಮಾತ್ರ ಅತ್ಯಲ್ಪ ಪ್ರಮಾಣವನ್ನು ಸೂಚಿಸುವ ನಾಮಪದವೊಂದನ್ನು ಜೊತೆಗೆ ಸೇರಿಸುತ್ತಿದ್ದರು. ‘ಪಾ’ ಎಂದರೆ ಮೂಲತಃ ಹೆಜ್ಜೆ. ‘ಒಂದು ಹೆಜ್ಜೆಯನ್ನೂ ನಡೆಯಲಿಲ್ಲ’ ಎನ್ನುವಂತಹ ಬಳಕೆಯಿಂದ ಅದು ನಿಷೇಧದ ಸಂಗಾತಿಯಾಯಿತು. ತುಣುಕು, ಹನಿ, ಬಿಂದು ಎಂಬರ್ಥದ ಪದಗಳೂ ಇದೇ ಕೆಲಸಕ್ಕೆ ಬಳಕೆಯಾಗಿದ್ದವು. ಕಾಲಕ್ರಮದಲ್ಲಿ ‘ಪಾ’ ಉಳಿದವುಗಳನ್ನು ಹಿಂದಿಕ್ಕಿತು. ನಡಿಗೆಗೆ ಸಂಬಂಧವಿಲ್ಲದ ಕ್ರಿಯಾಪದಗಳ ಜೊತೆಗೂ ಬರತೊಡಗಿ, ಹೆಜ್ಜೆ ಎಂಬ ಅರ್ಥವನ್ನು ಈ ಬಳಕೆಯಲ್ಲಿ ಕಳೆದುಕೊಂಡಿತು. ‘ರಿಯೆಂ’ ಪದದ ಕಥೆಯೂ ಇಂಥದ್ದೇ. ಅದು ‘ವಸ್ತು’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ. ‘ವಸ್ತು’ ಎಂದಿದ್ದದ್ದು ‘ನ’ ಜೊತೆಗಿನ ಸಹವಾಸದಿಂದ ‘ಏನೂ ಇಲ್ಲ’ ಎಂದಾಯಿತು.

ಹೀಗೆ ನಿಷೇಧಪದ ದುರ್ಬಲವಾಗುವುದು, ಅದಕ್ಕೆ ಮತ್ತೊಂದು ಪದ ಆಸರೆಯಾಗುವುದು, ಕೊನೆಗೆ ಆಸರೆಯ ಪದವೇ ನಿಷೇಧಪದವಾಗಿ ಮೂಲಪದ ಬಿದ್ದುಹೋಗುವುದು ಹಲವು ಭಾಷೆಗಳಲ್ಲಿ ಕಂಡುಬಂದಿದೆ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ 1917ರಲ್ಲಿ ಇದನ್ನು ವಿವರಿಸಿದುದರಿಂದ ಈ ಬದಲಾವಣೆಗೆ ‘ಯೆಸ್ಪರ್ಸನ್ ಚಕ್ರ’ ಎಂಬ ಹೆಸರು ಬಂದಿದೆ. ಲಿಖಿತ ಫ್ರೆಂಚ್ ಈ ಚಕ್ರದ ಎರಡನೆಯ ಹಂತದಲ್ಲಿ ನಿಂತಿದ್ದರೆ, ಮಾತಿನ ಫ್ರೆಂಚ್ ಮೂರನೆಯ ಹಂತವನ್ನು ಬಹುಪಾಲು ತಲುಪಿದೆ. ಭಾಷೆಯನ್ನು ಪುಸ್ತಕದಿಂದ ಕಲಿತವರಿಗೆ ಕಿವಿಗೆ ಬೀಳುವ ವಾಕ್ಯ ಬೇರೆಯಾಗಿ ತೋರುವುದಕ್ಕೆ ಇದೇ ಕಾರಣ.

## ವಾಕ್ಯದಲ್ಲಿ ಸ್ಥಾನ

### ಸರಳ ಕಾಲಗಳಲ್ಲಿ

ಕ್ರಿಯಾಪದ ಒಂದೇ ಪದವಾಗಿರುವಾಗ ‘ನ’ ಅದರ ಮುಂದೆಯೂ ಎರಡನೆಯ ಪದ ಅದರ ಹಿಂದೆಯೂ ಬರುತ್ತವೆ. ‘ಜ ಪಾರ್ಲ್’ ಎಂದರೆ ನಾನು ಮಾತನಾಡುತ್ತೇನೆ. ‘ಜ ನ ಪಾರ್ಲ್ ಪಾ’ ಎಂದರೆ ನಾನು ಮಾತನಾಡುವುದಿಲ್ಲ. ‘ಪಾ’ ಇದ್ದ ಜಾಗದಲ್ಲಿ ‘ಪ್ಲ್ಯು’ ಇಟ್ಟರೆ ‘ಇನ್ನು ಮಾತನಾಡುವುದಿಲ್ಲ’ ಎಂದೂ, ‘ಜಾಮೇ’ ಇಟ್ಟರೆ ‘ಎಂದೂ ಮಾತನಾಡುವುದಿಲ್ಲ’ ಎಂದೂ ಅರ್ಥವಾಗುತ್ತದೆ.

ಕ್ರಿಯಾಪದ ಸ್ವರದಿಂದ ಆರಂಭವಾದರೆ ‘ನ’ ತನ್ನ ಸ್ವರವನ್ನು ಕಳೆದುಕೊಂಡು ಮುಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಬರವಣಿಗೆಯಲ್ಲಿ ಎನ್ ಅಕ್ಷರದ ನಂತರ ಅಪಾಸ್ಟ್ರಫಿ ಚಿಹ್ನೆ ಬರುತ್ತದೆ. ‘ಎಮ್’ (ಪ್ರೀತಿಸು, ಇಷ್ಟಪಡು) ಎಂಬ ಕ್ರಿಯಾಪದದ ನಿಷೇಧರೂಪ ‘ಜ ನೆಮ್ ಪಾ’.

‘ಅವನನ್ನು’, ‘ನನಗೆ’ ಮೊದಲಾದ ಕರ್ಮಸೂಚಕ ಸರ್ವನಾಮಗಳು ಫ್ರೆಂಚ್‌ನಲ್ಲಿ ಕ್ರಿಯಾಪದಕ್ಕೆ ಮುಂಚೆ ಬರುತ್ತವೆ. ‘ನ’ ಈ ಸರ್ವನಾಮಗಳಿಗೂ ಮುಂಚೆ ನಿಲ್ಲುತ್ತದೆ. ‘ಜ ಲ ವ್ವಾ’ (ನಾನು ಅವನನ್ನು ನೋಡುತ್ತೇನೆ) ಎಂಬುದು ‘ಜ ನ ಲ ವ್ವಾ ಪಾ’ ಆಗುತ್ತದೆ. ಸರ್ವನಾಮ ಮತ್ತು ಕ್ರಿಯಾಪದದ ನಡುವೆ ‘ನ’ ಸೇರಿಸುವುದು ಹೊಸದಾಗಿ ಕಲಿಯುವವರಲ್ಲಿ ಕಾಣುವ ದೋಷ.

### ಸಂಯುಕ್ತ ಕಾಲಗಳಲ್ಲಿ

ಭೂತಕಾಲವನ್ನು ಸಾಮಾನ್ಯವಾಗಿ ಸಹಾಯಕ ಕ್ರಿಯಾಪದ ಮತ್ತು ಕೃದಂತ ಎಂಬ ಎರಡು ಪದಗಳಿಂದ ರಚಿಸಲಾಗುತ್ತದೆ. ‘ಜೇ ವ್ಯು’ (ನಾನು ನೋಡಿದೆ) ಎಂಬಲ್ಲಿ ‘ವ್ಯು’ ಕೃದಂತ. ನಿಷೇಧದ ಎರಡು ಪದಗಳು ಸಹಾಯಕ ಕ್ರಿಯಾಪದವನ್ನು ಮಾತ್ರ ಸುತ್ತುವರಿಯುತ್ತವೆ, ಕೃದಂತ ಹೊರಗುಳಿಯುತ್ತದೆ. ಆದುದರಿಂದ ‘ಜ ನೇ ಪಾ ವ್ಯು’ (ನಾನು ನೋಡಲಿಲ್ಲ) ಎಂಬುದು ಸರಿಯಾದ ಕ್ರಮ. ‘ಪ್ಲ್ಯು’, ‘ಜಾಮೇ’ ಮತ್ತು ‘ರಿಯೆಂ’ ಕೂಡ ಇದೇ ಜಾಗದಲ್ಲಿ ಬರುತ್ತವೆ: ‘ಜ ನೇ ರಿಯೆಂ ವ್ಯು’ (ನಾನು ಏನನ್ನೂ ನೋಡಲಿಲ್ಲ).

‘ಕ’ ಮಾತ್ರ ಇಲ್ಲಿ ಭಿನ್ನ. ಅದು ಕೃದಂತದ ನಂತರ, ತಾನು ಮಿತಿಗೊಳಿಸುವ ಪದದ ಮುಂದೆ ಬರುತ್ತದೆ: ‘ಜ ನೇ ಲ್ಯು ಕ ತ್ರ್ವಾ ಲೀವ್ರ್’ (ನಾನು ಮೂರು ಪುಸ್ತಕಗಳನ್ನು ಮಾತ್ರ ಓದಿದ್ದೇನೆ).

### ಮೂಲ ಕ್ರಿಯಾರೂಪದೊಂದಿಗೆ

ಕಾಲ ಮತ್ತು ಪುರುಷಗಳ ಪ್ರತ್ಯಯ ಹತ್ತದ ಮೂಲ ಕ್ರಿಯಾರೂಪವನ್ನು ನಿಷೇಧಿಸುವಾಗ ಎರಡು ಪದಗಳೂ ಒಟ್ಟಿಗೆ ಅದರ ಮುಂದೆ ಬರುತ್ತವೆ. ಸೂಚನಾ ಫಲಕಗಳಲ್ಲಿ ಕಾಣುವ ‘ನ ಪಾ ಫ್ಯುಮೇ’ (ಧೂಮಪಾನ ಮಾಡಬಾರದು) ಇದಕ್ಕೆ ಉದಾಹರಣೆ. ‘ಏನೂ ಹೇಳದಿರುವುದು’ ಎಂಬುದು ‘ನ ರಿಯೆಂ ದೀರ್’. ಇಲ್ಲಿಯೂ ‘ಕ’ ಗುಂಪನ್ನು ಸೇರುವುದಿಲ್ಲ: ‘ಅನ್ನ ಮಾತ್ರ ತಿನ್ನುವುದು’ ಎನ್ನಲು ‘ನ ಮಾಂಜೇ ಕ ದ್ಯು ರಿ’ ಎನ್ನಬೇಕು.

## ‘ರಿಯೆಂ’ ಮತ್ತು ಪದಗಳ ಜೋಡಣೆ

‘ಪಾ’, ‘ಪ್ಲ್ಯು’, ‘ಜಾಮೇ’ ಪದಗಳು ಕ್ರಿಯಾವಿಶೇಷಣಗಳು. ‘ರಿಯೆಂ’ ಸರ್ವನಾಮವಾದುದರಿಂದ ವಾಕ್ಯದ ಕರ್ಮವಾಗುವಂತೆ ಕರ್ತೃವೂ ಆಗಬಲ್ಲದು. ಕರ್ತೃವಾದಾಗ ಅದು ವಾಕ್ಯದ ಆರಂಭಕ್ಕೆ ಬರುತ್ತದೆ. ‘ನ’ ಮಾತ್ರ ತನ್ನ ಜಾಗವನ್ನು ಬಿಡದೆ ಕ್ರಿಯಾಪದದ ಮುಂದೆಯೇ ಉಳಿಯುತ್ತದೆ. ‘ರಿಯೆಂ ನ ಮಾರ್ಶ್’ ಎಂದರೆ ಯಾವುದೂ ಸರಿಯಾಗಿ ನಡೆಯುತ್ತಿಲ್ಲ. ಇಂತಹ ವಾಕ್ಯದಲ್ಲಿ ‘ಪಾ’ ಸೇರಿಸುವಂತಿಲ್ಲ, ಏಕೆಂದರೆ ನಿಷೇಧದ ಎರಡನೆಯ ಪದವಾಗಿ ‘ರಿಯೆಂ’ ಈಗಾಗಲೇ ಬಂದಿದೆ.

‘ಪ್ಲ್ಯು’, ‘ಜಾಮೇ’, ‘ರಿಯೆಂ’ ಒಂದೇ ವಾಕ್ಯದಲ್ಲಿ ಒಟ್ಟಿಗೆ ಬರಬಹುದು. ‘ಜ ನ ದಿ ಜಾಮೇ ರಿಯೆಂ’ ಎಂದರೆ ‘ನಾನು ಎಂದೂ ಏನೂ ಹೇಳುವುದಿಲ್ಲ’. ಕನ್ನಡದಲ್ಲಿ ‘ಎಂದೂ’, ‘ಏನೂ’ ಎರಡೂ ಬಂದರೂ ‘ಇಲ್ಲ’ ಒಂದೇ ಸಾರಿ ಬರುವಂತೆ, ಇಲ್ಲಿಯೂ ಪದಗಳು ಕೂಡಿ ಒಂದೇ ನಿಷೇಧವನ್ನು ಸೂಚಿಸುತ್ತವೆ. ಒಂದನ್ನೊಂದು ರದ್ದು ಮಾಡುವುದಿಲ್ಲ. ‘ಪಾ’ ಪದಕ್ಕೆ ಈ ಹೊಂದಾಣಿಕೆ ಇಲ್ಲ. ‘ಪಾ’ ಮತ್ತು ‘ರಿಯೆಂ’ ಒಟ್ಟಿಗೆ ಬಂದರೆ ಪ್ರಮಾಣ ಫ್ರೆಂಚ್‌ನಲ್ಲಿ ‘ಏನೂ ಇಲ್ಲ ಎನ್ನುವಂತಿಲ್ಲ’, ಅಂದರೆ ‘ಏನೋ ಇದೆ’ ಎಂಬ ವಿರುದ್ಧಾರ್ಥ ಹೊರಡುತ್ತದೆ.

## ‘ಕ’: ಮಿತಿಗೊಳಿಸುವ ರಚನೆ

‘ನ’ ಮತ್ತು ‘ಕ’ ಸೇರಿದ ರಚನೆಯ ಅಕ್ಷರಶಃ ಅರ್ಥ ‘ಇದನ್ನು ಬಿಟ್ಟರೆ ಬೇರೆ ಇಲ್ಲ’ ಎಂಬುದಕ್ಕೆ ಸಮೀಪ. ಕನ್ನಡದ ‘ಮಾತ್ರ’ ತಾನು ಮಿತಿಗೊಳಿಸುವ ಪದದ ನಂತರ ಬಂದರೆ, ‘ಕ’ ಆ ಪದದ ಮುಂದೆ ಬರುತ್ತದೆ. ಆದುದರಿಂದ ‘ಕ’ ಇರುವ ಜಾಗ ಬದಲಾದರೆ ವಾಕ್ಯದ ಅರ್ಥವೂ ಬದಲಾಗುತ್ತದೆ:

- ‘ಜ ನ ಬ್ವಾ ಕ ದ್ಯು ಕಾಫೇ ಲ ಮಾತೆಂ’: ಬೆಳಿಗ್ಗೆ ನಾನು ಕಾಫಿ ಮಾತ್ರ ಕುಡಿಯುತ್ತೇನೆ (ಬೇರೆ ಏನನ್ನೂ ಕುಡಿಯುವುದಿಲ್ಲ).
- ‘ಜ ನ ಬ್ವಾ ದ್ಯು ಕಾಫೇ ಕ ಲ ಮಾತೆಂ’: ನಾನು ಬೆಳಿಗ್ಗೆ ಮಾತ್ರ ಕಾಫಿ ಕುಡಿಯುತ್ತೇನೆ (ಬೇರೆ ಹೊತ್ತಿನಲ್ಲಿ ಕಾಫಿ ಕುಡಿಯುವುದಿಲ್ಲ).

ಇದು ನಿಜವಾದ ನಿಷೇಧವಲ್ಲ ಎಂಬುದಕ್ಕೆ ಉಪಪದಗಳ ಬಳಕೆಯಲ್ಲಿ ಸಾಕ್ಷ್ಯವಿದೆ. ‘ಜೇ ದ್ಯು ಪೆಂ’ (ನನ್ನ ಬಳಿ ಬ್ರೆಡ್ ಇದೆ) ಎಂಬುದನ್ನು ‘ಪಾ’ ಬಳಸಿ ನಿಷೇಧಿಸಿದಾಗ ‘ದ್ಯು’ ಎಂಬ ಉಪಪದವು ‘ದ’ ಎಂದು ಬದಲಾಗಿ ‘ಜ ನೇ ಪಾ ದ ಪೆಂ’ ಆಗುತ್ತದೆ. ‘ಕ’ ಬಳಸಿದಾಗ ಈ ಬದಲಾವಣೆ ಆಗುವುದಿಲ್ಲ: ‘ಜ ನೇ ಕ ದ್ಯು ಪೆಂ’ (ನನ್ನ ಬಳಿ ಬ್ರೆಡ್ ಮಾತ್ರ ಇದೆ). ಮೊದಲ ವಾಕ್ಯದಲ್ಲಿ ಬ್ರೆಡ್ ಇಲ್ಲ, ಎರಡನೆಯದರಲ್ಲಿ ಇದೆ. ಉಪಪದ ಈ ವ್ಯತ್ಯಾಸವನ್ನೇ ಅನುಸರಿಸುತ್ತದೆ.

## ಒಂದು ವಾಕ್ಯದ ರೂಪಾಂತರಗಳು

ಮೇಲಿನ ನಿಯಮಗಳನ್ನು ಒಂದೇ ವಾಕ್ಯದ ಮೇಲೆ ಪ್ರಯೋಗಿಸಿದಾಗ ಅವುಗಳ ಕ್ರಮ ಸ್ಪಷ್ಟವಾಗುತ್ತದೆ. ‘ಜ ಲೇ ವ್ಯು’ ಎಂದರೆ ‘ನಾನು ಅವನನ್ನು ನೋಡಿದೆ’. ಇದರಲ್ಲಿ ‘ಜ’ ಕರ್ತೃ, ‘ಲೇ’ ಎಂಬುದರಲ್ಲಿ ‘ಅವನನ್ನು’ ಎಂಬ ಸರ್ವನಾಮವೂ ಸಹಾಯಕ ಕ್ರಿಯಾಪದವೂ ಕೂಡಿವೆ, ‘ವ್ಯು’ ಕೃದಂತ.

‘ನ’ ಸರ್ವನಾಮಕ್ಕೂ ಮುಂಚೆ ಬರಬೇಕಾದುದರಿಂದ ಅದು ‘ಜ’ ನಂತರ ನಿಲ್ಲುತ್ತದೆ. ‘ಪಾ’ ಸಹಾಯಕ ಕ್ರಿಯಾಪದದ ನಂತರ, ಕೃದಂತಕ್ಕೆ ಮುಂಚೆ ಬರುತ್ತದೆ. ಹೀಗೆ ‘ಜ ನ ಲೇ ಪಾ ವ್ಯು’ (ಅವನನ್ನು ನೋಡಲಿಲ್ಲ) ಎಂಬ ವಾಕ್ಯ ಸಿದ್ಧವಾಗುತ್ತದೆ. ‘ಜ ನ ಲೇ ಜಾಮೇ ವ್ಯು’ ಎಂದರೆ ಅವನನ್ನು ಎಂದೂ ನೋಡಿಲ್ಲ. ‘ಜ ನ ಲೇ ಪ್ಲ್ಯು ವ್ಯು’ ಎಂದರೆ ಆಮೇಲೆ ಅವನನ್ನು ನೋಡಲಿಲ್ಲ. ‘ರಿಯೆಂ’ ಈ ಜಾಗದಲ್ಲಿ ಬರಲಾರದು, ಏಕೆಂದರೆ ಕರ್ಮದ ಸ್ಥಾನವನ್ನು ‘ಅವನನ್ನು’ ಎಂಬ ಸರ್ವನಾಮ ಆಗಲೇ ತುಂಬಿದೆ. ‘ಒಂದು ಸಲ ಮಾತ್ರ ನೋಡಿದ್ದೇನೆ’ ಎನ್ನಲು ‘ಕ’ ಕೃದಂತವನ್ನು ದಾಟಿ ‘ಒಂದು ಸಲ’ ಎಂಬುದರ ಮುಂದೆ ಹೋಗುತ್ತದೆ: ‘ಜ ನ ಲೇ ವ್ಯು ಕ್ಯುನ್ ಫ್ವಾ’. ಇಲ್ಲಿ ‘ಕ’ ಮುಂದಿನ ‘ಯುನ್’ (ಒಂದು) ಪದದೊಂದಿಗೆ ಕೂಡಿಕೊಂಡಿದೆ.

ಇವೇ ವಾಕ್ಯಗಳು ಆಡುಮಾತಿನಲ್ಲಿ ‘ಜ ಲೇ ಪಾ ವ್ಯು’, ‘ಜ ಲೇ ಜಾಮೇ ವ್ಯು’, ‘ಜ ಲೇ ವ್ಯು ಕ್ಯುನ್ ಫ್ವಾ’ ಎಂದಾಗುತ್ತವೆ. ‘ನ’ ಹೊರತು ಬೇರೆ ಯಾವ ಪದವೂ ಸ್ಥಳ ಬದಲಿಸಿಲ್ಲ.

## ಮಾತಿನಲ್ಲಿ ‘ನ’ ಲೋಪ

ಆಡುಮಾತಿನಲ್ಲಿ ‘ನ’ ಬಿಟ್ಟುಹೋಗುವುದು ಅಶಿಕ್ಷಿತರ ತಪ್ಪಲ್ಲ. ವಿದ್ಯಾವಂತರ ಸಹಜ ಸಂಭಾಷಣೆಯಲ್ಲಿಯೂ ಇದು ಸಾಮಾನ್ಯ. ಇದು ತೀರ ಹೊಸದೂ ಅಲ್ಲ. ಮುಂದೆ ಹದಿಮೂರನೆಯ ಲೂಯಿ ಎಂಬ ಹೆಸರಿನಿಂದ ಫ್ರಾನ್ಸಿನ ದೊರೆಯಾದ ರಾಜಕುಮಾರನ ಬಾಲ್ಯದ ಮಾತುಗಳನ್ನು 17ನೆಯ ಶತಮಾನದ ಆರಂಭದಲ್ಲಿ ಆತನ ವೈದ್ಯ ಜಾಂ ಎರೊಆರ್ ದಿನಚರಿಯಲ್ಲಿ ಬರೆದಿಟ್ಟಿದ್ದನು. ಅವುಗಳಲ್ಲಿ ‘ನ’ ಇಲ್ಲದ ನಿಷೇಧವಾಕ್ಯಗಳು ದೊರೆಯುತ್ತವೆ.

ಭಾಷಾವಿಜ್ಞಾನಿ ವಿಲಿಯಂ ಆಶ್ಬಿ ಫ್ರಾನ್ಸಿನ ತೂರ್ ನಗರದ ನಿವಾಸಿಗಳ ಮಾತನ್ನು 1976ರಲ್ಲಿಯೂ ಮತ್ತೆ 1995ರಲ್ಲಿಯೂ ಧ್ವನಿಮುದ್ರಿಸಿ ಹೋಲಿಸಿದರು. ಈ ಎರಡು ದಶಕಗಳಲ್ಲಿ ‘ನ’ ಉಳಿಸಿಕೊಳ್ಳುವ ಪ್ರಮಾಣ ಗಣನೀಯವಾಗಿ ಇಳಿದಿತ್ತು. ಕೆನಡಾದ ಮಾಂಟ್ರಿಯಲ್ ನಗರದ ಆಡುಮಾತಿನಲ್ಲಿ ‘ನ’ ಇನ್ನೂ ಅಪರೂಪ ಎಂಬುದನ್ನು 1970ರ ದಶಕದಲ್ಲೇ ಗುರುತಿಸಲಾಗಿತ್ತು. ಅಲ್ಲಿ ಅದು ಗಂಭೀರ ವಿಷಯ ಪ್ರಸ್ತಾಪವಾದಾಗ ಮಾತ್ರ ತಲೆದೋರುತ್ತದೆ.

ಲೋಪವು ಎಲ್ಲ ವಾಕ್ಯಗಳಲ್ಲಿ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಕರ್ತೃವು ‘ಜ’, ‘ಇಲ್’ ಮುಂತಾದ ಚಿಕ್ಕ ಸರ್ವನಾಮವಾಗಿದ್ದಾಗ ‘ನ’ ಸುಲಭವಾಗಿ ಬಿದ್ದುಹೋಗುತ್ತದೆ. ಕರ್ತೃವು ನಾಮಪದವಾಗಿದ್ದಾಗ ಅಥವಾ ‘ರಿಯೆಂ’ ಆಗಿದ್ದಾಗ ಹೆಚ್ಚು ಉಳಿಯುತ್ತದೆ. ಪದೇಪದೇ ಬಳಕೆಯಾಗುವ ಮಾತುಗಳಲ್ಲಿ ಲೋಪ ಅತಿ ಹೆಚ್ಚು. ‘ಇದು ಅಲ್ಲ’ ಎಂಬರ್ಥದ ‘ಸ ನೇ ಪಾ’ ಮಾತಿನಲ್ಲಿ ‘ಸೇ ಪಾ’ ಆಗುತ್ತದೆ. ‘ಇಲ್ಲ’ ಎಂಬರ್ಥದ ‘ಇಲ್ ನಿಯಾ ಪಾ’ ಎಂಬುದರಲ್ಲಿ ಕರ್ತೃವೂ ಬಿದ್ದು ‘ಯಾ ಪಾ’ ಮಾತ್ರ ಉಳಿಯುತ್ತದೆ. ‘ನನಗೆ ಗೊತ್ತಿಲ್ಲ’ ಎಂಬರ್ಥದ ‘ಜ ನ ಸೇ ಪಾ’ ಮೊದಲು ‘ಜ ಸೇ ಪಾ’ ಆಗಿ, ವೇಗದ ಮಾತಿನಲ್ಲಿ ಎರಡು ವ್ಯಂಜನಗಳು ಬೆರೆತು ‘ಶೇ ಪಾ’ ಎಂದು ಕೇಳಿಸುತ್ತದೆ.

‘ನ’ ಬಿದ್ದ ನಂತರ ‘ಜ’ ಮತ್ತು ಕ್ರಿಯಾಪದದ ಆರಂಭದ ಸ್ವರ ಎದುರುಬದುರಾದರೆ ಅವೆರಡೂ ಕೂಡುತ್ತವೆ. ಆದುದರಿಂದ ‘ಜ ನೇ ಪಾ ವ್ಯು’ ಎಂಬುದರ ಆಡುಮಾತಿನ ರೂಪ ‘ಜೇ ಪಾ ವ್ಯು’.

## ಲೋಪದಿಂದ ಉಂಟಾಗುವ ಸಂದಿಗ್ಧತೆ

‘ಪಾ’, ‘ಜಾಮೇ’ ಮತ್ತು ‘ರಿಯೆಂ’ ಪದಗಳ ಜೊತೆ ‘ನ’ ಬಿಟ್ಟರೆ ಸಾಮಾನ್ಯವಾಗಿ ಅರ್ಥ ಕೆಡುವುದಿಲ್ಲ. ‘ಕ’ ಪದಕ್ಕೆ ‘ಎಂದು’ ಎಂಬ ಬೇರೆ ಬಳಕೆಯೂ ಇದೆ. ಆದರೆ ಆಗ ಅದರ ಹಿಂದೆ ಪೂರ್ಣ ವಾಕ್ಯವೇ ಬರುವುದರಿಂದ ಗೊಂದಲ ಕಡಿಮೆ. ತೊಡಕು ಎದುರಾಗುವುದು ‘ಪ್ಲ್ಯು’ ಪದದಲ್ಲಿ. ಈ ಪದಕ್ಕೆ ‘ಹೆಚ್ಚು’ ಮತ್ತು ‘ಇನ್ನು ಇಲ್ಲ’ ಎಂಬ ಎರಡು ಅರ್ಥಗಳಿವೆ, ಮತ್ತು ಎರಡಕ್ಕೂ ಬರವಣಿಗೆಯ ರೂಪ ಒಂದೇ. ‘ನ’ ಇದ್ದಾಗ ಎರಡನೆಯ ಅರ್ಥ ಎಂದು ತಿಳಿಯುತ್ತದೆ. ‘ನ’ ಹೋದರೆ ಆ ಗುರುತೂ ಹೋಗುತ್ತದೆ.

ಮಾತಿನಲ್ಲಿ ಉಚ್ಚಾರಣೆ ಸ್ವಲ್ಪಮಟ್ಟಿಗೆ ನೆರವಾಗುತ್ತದೆ. ವಾಕ್ಯದ ಕೊನೆಯಲ್ಲಿ ‘ಹೆಚ್ಚು’ ಎಂಬರ್ಥವಿದ್ದರೆ ಪದದ ಕೊನೆಯ ಸಕಾರವನ್ನು ಸಾಮಾನ್ಯವಾಗಿ ಉಚ್ಚರಿಸುತ್ತಾರೆ, ನಿಷೇಧಾರ್ಥವಿದ್ದರೆ ಉಚ್ಚರಿಸುವುದಿಲ್ಲ. ‘ಇಲ್ ಮಾಂಜ್ ಪ್ಲ್ಯುಸ್’ ಎಂದರೆ ಅವನು ಹೆಚ್ಚು ತಿನ್ನುತ್ತಾನೆ. ‘ಇಲ್ ಮಾಂಜ್ ಪ್ಲ್ಯು’ ಎಂದರೆ ಅವನು ಈಗ ತಿನ್ನುತ್ತಿಲ್ಲ. ಇವೆರಡನ್ನೂ ‘ನ’ ಇಲ್ಲದೆ ಬರೆದರೆ ಓದುಗನಿಗೆ ಒಂದೇ ವಾಕ್ಯ ಕಾಣುತ್ತದೆ.

ವ್ಯಂಜನದಿಂದ ಆರಂಭವಾಗುವ ಗುಣವಾಚಕದ ಮುಂದೆ ಉಚ್ಚಾರಣೆಯ ನೆರವೂ ಸಿಗುವುದಿಲ್ಲ, ಏಕೆಂದರೆ ಹೋಲಿಕೆಯ ‘ಪ್ಲ್ಯು’ ಕೂಡ ಅಲ್ಲಿ ಸಕಾರವನ್ನು ಕಳೆದುಕೊಳ್ಳುತ್ತದೆ. ‘ಮಾಲಾದ್’ ಎಂದರೆ ಕಾಯಿಲೆಯಿಂದ ಬಳಲುವವನು. ‘ಇಲ್ ಎ ಪ್ಲ್ಯು ಮಾಲಾದ್’ ಎಂಬ ಮಾತನ್ನು ‘ಅವನ ಕಾಯಿಲೆ ಹೆಚ್ಚಾಗಿದೆ’ ಎಂದೂ, ‘ನ’ ಲೋಪವಾಗಿದೆಯೆಂದು ತಿಳಿದರೆ ‘ಅವನ ಕಾಯಿಲೆ ವಾಸಿಯಾಗಿದೆ’ ಎಂದೂ ಅರ್ಥೈಸಬಹುದು. ರೋಗಿಯ ಸ್ಥಿತಿಯನ್ನು ತಿಳಿಸುವ ಕಿರುಸಂದೇಶವೊಂದರಲ್ಲಿ ಇದೇ ವಾಕ್ಯವಿದ್ದರೆ ಪರಸ್ಪರ ವಿರುದ್ಧವಾದ ಎರಡು ಸುದ್ದಿಗಳು ಹೊರಡುತ್ತವೆ. ‘ಇಲ್ ನೇ ಪ್ಲ್ಯು ಮಾಲಾದ್’ ಎಂದು ‘ನ’ ಸೇರಿಸಿದ ಕೂಡಲೇ ವಾಸಿಯಾಗಿದೆ ಎಂಬ ಅರ್ಥ ನಿಶ್ಚಿತವಾಗುತ್ತದೆ. ಮಾತಿನಲ್ಲಿ ‘ನ’ ಬಿಡುವವರೂ ಗೊಂದಲದ ಸಂಭವವಿದ್ದಾಗ ಅದನ್ನು ಮರಳಿ ತರಬಹುದು, ಅಥವಾ ವಾಕ್ಯವನ್ನೇ ಬದಲಿಸಬಹುದು.

## ಬರವಣಿಗೆಯಲ್ಲಿ

ಪರೀಕ್ಷೆ, ಅರ್ಜಿ, ಪ್ರಬಂಧ, ವೃತ್ತಪತ್ರಿಕೆ ಮತ್ತು ಕಚೇರಿ ಪತ್ರಗಳಲ್ಲಿ ‘ನ’ ಬಿಡುವುದನ್ನು ದೋಷವೆಂದು ಪರಿಗಣಿಸಲಾಗುತ್ತದೆ. ಕಾದಂಬರಿ ಮತ್ತು ನಾಟಕಗಳ ಸಂಭಾಷಣೆಯಲ್ಲಿ, ಸ್ನೇಹಿತರ ನಡುವಿನ ಸಂದೇಶಗಳಲ್ಲಿ ಲೋಪ ಸಾಮಾನ್ಯ.

ಫ್ರೆಂಚರೂ ಬರವಣಿಗೆಯಲ್ಲಿ ಎಡವುವ ಒಂದು ಸ್ಥಳವೆಂದರೆ ‘ಓಂ’ ಎಂಬ ಸರ್ವನಾಮ. ಆಡುಮಾತಿನಲ್ಲಿ ಇದು ‘ನಾವು’ ಎಂಬರ್ಥದಲ್ಲಿ ಬಳಕೆಯಾಗುತ್ತದೆ. ಮುಂದಿನ ಪದ ಸ್ವರದಿಂದ ಆರಂಭವಾದರೆ ಈ ಸರ್ವನಾಮದ ಕೊನೆಯ ನಕಾರ ತಾನಾಗಿಯೇ ಕೇಳಿಸುತ್ತದೆ. ಆದುದರಿಂದ ‘ಓಂ ನಾ ಪಾ ವ್ಯು’ (ನಾವು ನೋಡಲಿಲ್ಲ) ಎಂಬುದರಲ್ಲಿ ಕೇಳಿಸುವ ನಕಾರವು ಸರ್ವನಾಮದ್ದೋ ನಿಷೇಧದ್ದೋ ಎಂದು ಕಿವಿಯಿಂದ ನಿರ್ಧರಿಸಲಾಗದು, ಮತ್ತು ಬರೆಯುವಾಗ ನಿಷೇಧದ ಎನ್ ಅಕ್ಷರ ಬಿಟ್ಟುಹೋಗುತ್ತದೆ. ಪರೀಕ್ಷಿಸುವ ವಿಧಾನ ಸರಳ: ‘ಓಂ’ ಜಾಗದಲ್ಲಿ ‘ಇಲ್’ ಇಟ್ಟು ನೋಡಬೇಕು. ಎಚ್ಚರಿಕೆಯ ಮಾತಿನಲ್ಲಿ ‘ಇಲ್ ನಾ ಪಾ ವ್ಯು’ ಎನ್ನಬೇಕಾಗುವುದರಿಂದ ಮೂಲ ವಾಕ್ಯದಲ್ಲಿಯೂ ನಿಷೇಧದ ಅಕ್ಷರವನ್ನು ಬರೆಯಬೇಕೆಂದು ತಿಳಿಯುತ್ತದೆ. ‘ಪಾ’, ‘ಪ್ಲ್ಯು’, ‘ಜಾಮೇ’, ‘ರಿಯೆಂ’ ಇವುಗಳಲ್ಲಿ ಯಾವುದೂ ಇಲ್ಲದೆ, ಮಿತಿಸೂಚಕ ‘ಕ’ ಕೂಡ ಇಲ್ಲದಿದ್ದರೆ ವಾಕ್ಯ ಸಾಮಾನ್ಯವಾಗಿ ನಿಷೇಧದ್ದಾಗಿರುವುದಿಲ್ಲ; ಅಂತಹಲ್ಲಿ ಆ ಅಕ್ಷರವನ್ನು ಸೇರಿಸಬಾರದು.

## ‘ನ’ ಒಂಟಿಯಾಗಿ ಬರುವ ಸಂದರ್ಭಗಳು

ಎರಡನೆಯ ಪದವಿಲ್ಲದೆ ‘ನ’ ಮಾತ್ರ ಬರುವ ಎರಡು ಸಂದರ್ಭಗಳಿವೆ. ಮೊದಲನೆಯದು ಹಳೆಯ ಬಳಕೆಯ ಉಳಿಕೆ. ಧೈರ್ಯಮಾಡು, ಸಾಧ್ಯವಾಗು, ತಿಳಿ, ನಿಲ್ಲಿಸು ಎಂಬರ್ಥದ ಕೆಲವು ಕ್ರಿಯಾಪದಗಳೊಂದಿಗೆ ಗಂಭೀರ ಶೈಲಿಯಲ್ಲಿ ‘ಪಾ’ ಬಿಡಬಹುದು: ‘ಜ ನೋಝ್’ (ನನಗೆ ಧೈರ್ಯ ಸಾಲದು). ಇಲ್ಲಿ ನಿಷೇಧವನ್ನು ‘ನ’ ಒಂದೇ ಸೂಚಿಸುವುದರಿಂದ ಅದನ್ನು ಬಿಡಲು ಬರುವುದಿಲ್ಲ.

ಎರಡನೆಯದರಲ್ಲಿ ‘ನ’ ಇದ್ದರೂ ನಿಷೇಧವಿರುವುದಿಲ್ಲ. ‘ಆವಾಂ ಕಿಲ್ ನ ಪಾರ್ತ್’ ಎಂದರೆ ‘ಅವನು ಹೊರಡುವ ಮೊದಲು’. ‘ಹೊರಡದಿರುವ ಮೊದಲು’ ಎಂದಲ್ಲ. ಭಯ, ಅಡ್ಡಿ ಮತ್ತು ‘ಮೊದಲು’ ಎಂಬರ್ಥದ ಪದಗಳ ನಂತರ ಲಿಖಿತ ಶೈಲಿಯಲ್ಲಿ ಇದು ಕಾಣಿಸುತ್ತದೆ. ಇದನ್ನು ಬಿಟ್ಟರೂ ವಾಕ್ಯದ ಅರ್ಥ ಬದಲಾಗುವುದಿಲ್ಲ. ಓದುವಾಗ ಇದನ್ನು ನಿಷೇಧದಿಂದ ಪ್ರತ್ಯೇಕಿಸಲು, ಹಿಂದೆ ‘ಪಾ’ ಮೊದಲಾದ ಎರಡನೆಯ ಪದವಿದೆಯೇ ಎಂದು ನೋಡಬೇಕು. ‘ಆವಾಂ’ (ಮೊದಲು) ಅಥವಾ ಭಯಸೂಚಕ ಪದದ ನಂತರ ಅಂತಹ ಪದವಿಲ್ಲದೆ ‘ನ’ ಬಂದಿದ್ದರೆ, ಅದನ್ನು ಕನ್ನಡಕ್ಕೆ ಅನುವಾದಿಸುವಾಗ ‘ಇಲ್ಲ’ ಸೇರಿಸಬೇಕಾಗಿಲ್ಲ.